‘ಸಿನ್ಸ್ 1888’ ಅಂದರೆ ಯಾರ 1888? ಜಾಹೀರಾತಿನ ಇಸವಿಯನ್ನು ದಾಖಲೆಯಲ್ಲಿ ಹುಡುಕುವುದು ಹೀಗೆ

ನಮ್ಮ ಅಂಗಡಿಗೆ ಹೊಸ ಬೋರ್ಡ್ ಮಾಡಿಸಲು ಹೋದಾಗ ಫ್ಲೆಕ್ಸ್‌ನವನು ಮೊದಲು ಕೇಳಿದ ಪ್ರಶ್ನೆ ಇದು: “ಸಿನ್ಸ್ ಎಷ್ಟು ಹಾಕ್ಬೇಕು ಇವ್ರೇ?” ಅಂಗಡಿಯ ಹೆಸರು, ಫೋನ್ ನಂಬರ್ ಎಲ್ಲ ಆಮೇಲೆ. ನಾನು ತಕ್ಷಣ 1962 ಅಂದೆ. ಯಾಕೆಂದರೆ ಅಜ್ಜ ಆ ವರ್ಷ ಹಗ್ಗ, ಬಕೆಟ್, ರಾಟೆ ತಲೆಮೇಲೆ ಹೊತ್ತು ಮಾರಲು ಶುರು ಮಾಡಿದ್ದರು ಅಂತ ಉಪ್ಪ ಹೇಳುತ್ತಿದ್ದರು. ಹೇಳಿದ ಮೇಲೆ ಒಂದು ಕ್ಷಣ ಅನುಮಾನ ಬಂತು. ಯಾರಾದರೂ “ತೋರಿಸಿ ನೋಡುವಾ” ಅಂದರೆ ನನ್ನ ಹತ್ತಿರ ಏನಿದೆ?

ಬೋರ್ಡ್ ಪ್ರಿಂಟ್‌ಗೆ ಕೊಡುವುದನ್ನು ನಿಲ್ಲಿಸಿದೆ. ಅದೇ ವಾರ ಮಾಲಿಗಾಗಿ ಕೊಲ್ಹಾಪುರ ಕಡೆ ಹೋಗುವುದಿತ್ತು. ಪಂಪು, ಪೈಪು, ಫಿಟ್ಟಿಂಗ್ ವ್ಯಾಪಾರ ಮಾಡುವ ನಮ್ಮಂಥವರಿಗೆ ಆ ಕಡೆಯ ಫೌಂಡ್ರಿಗಳು ಹೊಸತಲ್ಲ. ನಿಪ್ಪಾಣಿ ದಾಟಿ ಮಹಾರಾಷ್ಟ್ರಕ್ಕೆ ಕಾಲಿಟ್ಟರೆ ಹೆದ್ದಾರಿಯಲ್ಲಿ ಮೊದಲು ಸಿಗುವ ದೊಡ್ಡ ಊರು ಕಾಗಲ. ಅಲ್ಲಿಯ ಕಾಗಲ-ಹಾತಕಣಂಗಲೆ ಎಂಐಡಿಸಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಂಪೆನಿಯ ದೊಡ್ಡ ಕಾರ್ಖಾನೆ ಇದೆ. ಊರಿನ ವ್ಯಾಪಾರಿಯೊಬ್ಬರ ಬಳಿ ಕೂತು ಚಾ ಕುಡಿಯುವಾಗ ಬೋರ್ಡಿನ ಮಾತು ತೆಗೆದೆ. ಅವರು ನಕ್ಕು ಹೇಳಿದರು: “ನಿಮ್ದ್ ಇರ್ಲಿ ಭಾಯಿ, 1888 ಯಾರ್ದು ಅಂತ ಕಿರ್ಲೋಸ್ಕರ್ ಮನ್ಯಾಗನ ಜಗಳ ಆಗೇತಿ.”

ಅದು ತಮಾಷೆಯ ಮಾತಲ್ಲ, ನಿಜವಾಗಿ ನಡೆದ ಸಂಗತಿ. ಜಾಹೀರಾತಿನ ಇಸವಿಯನ್ನು ಸರಕಾರಿ ದಾಖಲೆ ಎದುರು ಇಟ್ಟು ನೋಡುವುದು ಹೇಗೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

2021ರಲ್ಲಿ ಏನಾಯಿತು?

2021ರ ಜುಲೈಯಲ್ಲಿ ಅತುಲ್ ಮತ್ತು ರಾಹುಲ್ ಕಿರ್ಲೋಸ್ಕರ್ ಅವರ ಕಡೆಯ ಕಂಪೆನಿಗಳು ಹೊಸ ಲೋಗೋ, ಹೊಸ ಬಣ್ಣಗಳೊಂದಿಗೆ ಪ್ರಚಾರಕ್ಕೆ ಇಳಿದವು. 130 ವರ್ಷಗಳ ಪರಂಪರೆ ಎಂಬ ಮಾತು ಅದರಲ್ಲಿ ಬಂತು. ಆಗ ಅವರ ಸಹೋದರ ಸಂಜಯ್ ಕಿರ್ಲೋಸ್ಕರ್ ಮುಖ್ಯಸ್ಥರಾಗಿರುವ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಗೆ ಪತ್ರ ಬರೆಯಿತು. 130 ವರ್ಷದ ಪರಂಪರೆ ನಮ್ಮ ಕಂಪೆನಿಯದ್ದು, ಉಳಿದ ನಾಲ್ಕು ಕಂಪೆನಿಗಳು ಅದನ್ನು ತಮ್ಮದೆಂದು ತೋರಿಸಿ ಜನರನ್ನು ದಾರಿ ತಪ್ಪಿಸುತ್ತಿವೆ ಎನ್ನುವುದು ಆ ಪತ್ರದ ಸಾರ.

ಆಧಾರವಾಗಿ ಪತ್ರದಲ್ಲಿ ಕೊಟ್ಟದ್ದು ಕಂಪೆನಿ ನೋಂದಣಿಯ ಇಸವಿಗಳನ್ನು. ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ 2009, ಕಿರ್ಲೋಸ್ಕರ್ ಇಂಡಸ್ಟ್ರೀಸ್ 1978, ಕಿರ್ಲೋಸ್ಕರ್ ನ್ಯೂಮ್ಯಾಟಿಕ್ 1974, ಕಿರ್ಲೋಸ್ಕರ್ ಫೆರಸ್ 1991. ಅಂದರೆ ಯಾವುದಕ್ಕೂ 130 ವರ್ಷ ಆಗಿಲ್ಲ ಎಂಬ ವಾದ. ಆ ಕಡೆಯ ಕಂಪೆನಿಗಳು ಇದನ್ನು ಒಪ್ಪಲಿಲ್ಲ. ಪತ್ರದಲ್ಲಿ ತಪ್ಪು ಮಾಹಿತಿ ಇದೆ, ಯಾರ ಪರಂಪರೆಯನ್ನೂ ನಾವು ಕಿತ್ತುಕೊಳ್ಳುತ್ತಿಲ್ಲ ಎಂದವು.

ಇದು ದೊಡ್ಡವರ ಮನೆ ಜಗಳ, ಯಾರು ಸರಿ ಅಂತ ತೀರ್ಪು ಕೊಡುವುದು ನನ್ನ ಕೆಲಸ ಅಲ್ಲ. ನಮಗೆ ಬೇಕಾದದ್ದು ಬೇರೆ. ಒಂದೇ ಮನೆತನ, ಒಂದೇ ಹೆಸರು, ಆದರೆ ಇಸವಿ ಮಾತ್ರ ಐದು ಬಗೆ. ಇದು ಹೇಗೆ ಸಾಧ್ಯ? ಇದನ್ನು ಅರ್ಥ ಮಾಡಿಕೊಂಡರೆ ನಮ್ಮೂರಿನ ಯಾವ ಬೋರ್ಡನ್ನೂ ಓದಲು ಬರುತ್ತದೆ.

1888ರಲ್ಲಿ ಇದ್ದದ್ದು ಒಂದು ಸೈಕಲ್ ಅಂಗಡಿ

ಕಿರ್ಲೋಸ್ಕರ್ ಕತೆ ಶುರುವಾಗುವುದು ನಮ್ಮ ಕರ್ನಾಟಕದ ನೆಲದಲ್ಲೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅಣ್ಣ ರಾಮಣ್ಣ ಮತ್ತು ಇವರು ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು. ಸಮೂಹ ತನ್ನ ಆರಂಭದ ವರ್ಷ ಎಂದು ಹೇಳುವ 1888 ಆ ಅಂಗಡಿಯದ್ದು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡತೊಡಗಿದರು. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಕುಂಡಲ್ ಬಳಿ ಜಾಗ ಕೊಟ್ಟರು. 1910ರಲ್ಲಿ ಕಾರ್ಖಾನೆ ಅಲ್ಲಿಗೆ ಹೋಯಿತು. ಅದೇ ಇವತ್ತು ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರ್‌ವಾಡಿ.

1888ರಲ್ಲಿ ಅದು ಕಂಪೆನಿ ಆಗಿರಲಿಲ್ಲ, ಅಣ್ಣ ತಮ್ಮಂದಿರ ಅಂಗಡಿ ಆಗಿತ್ತು. ಕಿರ್ಲೋಸ್ಕರ್ ಬ್ರದರ್ಸ್ ಎಂಬ ಕಂಪೆನಿ ನೋಂದಣಿ ಆದದ್ದು 1920ರ ಜನವರಿ 15ರಂದು. ಹಾಗಾಗಿ ಸರಕಾರದ ಕಂಪೆನಿ ದಾಖಲೆಯಲ್ಲಿ 1888 ಹುಡುಕಿದರೆ ಪತ್ರ ಬರೆದ ಕಂಪೆನಿಗೂ ಸಿಗುವುದಿಲ್ಲ, ಸಿಗುವುದು 1920. ಹಾಗಂತ 1888 ಸುಳ್ಳು ಅಂತ ಆಗುವುದಿಲ್ಲ. ಅಂಗಡಿಯಿಂದ ಕಾರ್ಖಾನೆ, ಕಾರ್ಖಾನೆಯಿಂದ ಕಂಪೆನಿ ಅಂತ ಕೊಂಡಿ ತೋರಿಸಬಹುದು. ಆದರೆ ಆ ಕೊಂಡಿ ತೋರಿಸುವ ಹೊಣೆ ಇಸವಿ ಹಾಕಿಕೊಂಡವರ ಮೇಲೆ ಇರುತ್ತದೆ.

ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ವ್ಯಾಪಾರ ಯಾವಾಗ ಶುರುವಾಯಿತು? ಇವತ್ತು ಬಿಲ್ ಕೊಡುವ ಸಂಸ್ಥೆ ಕಾನೂನಿನ ಪ್ರಕಾರ ಯಾವಾಗ ಹುಟ್ಟಿತು? ಆ ಹೆಸರು ಯಾವಾಗಿನಿಂದ ಬಳಕೆಯಲ್ಲಿದೆ? ಜಾಹೀರಾತು ‘ಸಿನ್ಸ್’ ಎಂಬ ಒಂದೇ ಪದದಲ್ಲಿ ಮೂರನ್ನೂ ಸೇರಿಸಿಬಿಡುತ್ತದೆ. ಪರೀಕ್ಷೆ ಮಾಡುವವರು ಮೊದಲು ಇವುಗಳನ್ನು ಬಿಡಿಸಿ ಇಡಬೇಕು.

ಬಿಲ್ಲಿನ ಮೇಲೆಯೇ ಇರುವ ಇಸವಿ

ಲಿಮಿಟೆಡ್ ಅಥವಾ ಪ್ರೈವೇಟ್ ಲಿಮಿಟೆಡ್ ಅಂತ ಇದ್ದರೆ ಎರಡನೆಯ ಪ್ರಶ್ನೆಗೆ ಉತ್ತರ ತುಂಬಾ ಸುಲಭ. 2013ರ ಕಂಪೆನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕಂಪೆನಿಯ ಲೆಟರ್‌ಹೆಡ್, ಬಿಲ್ಲುಗಳಲ್ಲಿ ಅದರ ಗುರುತಿನ ಸಂಖ್ಯೆ ಇರಲೇಬೇಕು. ಇದಕ್ಕೆ ಸಿಐಎನ್ ಅನ್ನುತ್ತಾರೆ. ಒಟ್ಟು 21 ಅಕ್ಷರ-ಅಂಕೆಗಳು. ಕಿರ್ಲೋಸ್ಕರ್ ಬ್ರದರ್ಸ್‌ನದ್ದು ಹೀಗಿದೆ:

L29113PN1920PLC000670

ಮೊದಲ L ಅಂದರೆ ಷೇರು ಮಾರುಕಟ್ಟೆಯಲ್ಲಿ ಇರುವ ಕಂಪೆನಿ, ಇಲ್ಲದಿದ್ದರೆ U ಇರುತ್ತದೆ. ಆಮೇಲಿನ ಐದು ಅಂಕೆ ಯಾವ ಬಗೆಯ ಉದ್ದಿಮೆ ಎಂದು ಹೇಳುತ್ತದೆ. PN ಅಂದರೆ ಪುಣೆ. ಮುಂಬೈ ಕಡೆಯ ಕಂಪೆನಿಗಳಿಗೆ MH ಕಾಣುತ್ತದೆ, ಕರ್ನಾಟಕದವಕ್ಕೆ KA. ಅದರ ನಂತರದ ನಾಲ್ಕು ಅಂಕೆ, ಅಂದರೆ 1920, ಕಂಪೆನಿ ನೋಂದಣಿಯಾದ ಇಸವಿ. PLC ಎಂದರೆ ಪಬ್ಲಿಕ್ ಕಂಪೆನಿ, PTC ಇದ್ದರೆ ಪ್ರೈವೇಟ್. ಕೊನೆಯ ಆರು ಅಂಕೆ ನೋಂದಣಿ ಸಂಖ್ಯೆ.

ಬಿಲ್ಲಿನಲ್ಲಿ ಇದನ್ನು ಹಾಕದೆ ಇದ್ದರೆ mca.gov.in ತಾಣದಲ್ಲಿ ಕಂಪೆನಿಯ ಮಾಸ್ಟರ್ ಡೇಟಾ ನೋಡುವ ವಿಭಾಗ ಇದೆ. ಹೆಸರು ಕೊಟ್ಟು ಹುಡುಕಿದರೆ Date of Incorporation ಅಂತ ಪೂರ್ತಿ ತಾರೀಕೇ ಸಿಗುತ್ತದೆ. ಹೆಸರಿನ ಒಂದೊಂದು ಪದವನ್ನೂ ಬಿಲ್ಲಿನಲ್ಲಿ ಇದ್ದ ಹಾಗೆ ಕೊಡಿ. ಒಂದೇ ರೀತಿಯ ಹೆಸರಿನ ಹತ್ತು ಕಂಪೆನಿಗಳು ಇರುತ್ತವೆ, ಬೇರೊಬ್ಬರ ಇಸವಿ ನೋಡಿ ಇವರನ್ನು ಸುಳ್ಳುಗಾರ ಅನ್ನುವ ತಪ್ಪು ಆಗಬಾರದು.

ಹೆಸರು ಹೊಸತು, ಕಂಪೆನಿ ಹಳತು

ಇಷ್ಟು ಗೊತ್ತಾದ ಕೂಡಲೇ ನಮ್ಮ ಹುಡುಗರು ಫೋನ್ ತೆಗೆದು ಎಲ್ಲರ ಇಸವಿ ನೋಡಲು ಶುರು ಮಾಡುತ್ತಾರೆ. ಸ್ವಲ್ಪ ನಿಲ್ಲಿ. ಈ ಇಸವಿ ಎರಡು ದಿಕ್ಕಿನಲ್ಲಿ ಮೋಸ ಹೋಗಿಸಬಹುದು.

ಮೊದಲ ಉದಾಹರಣೆ ಕೊಲ್ಹಾಪುರದ್ದೇ. ಆರ್‌ಬಿಎಲ್ ಬ್ಯಾಂಕ್ ಅನ್ನುವ ಹೆಸರು ಕೇಳಿದರೆ ನಿನ್ನೆ ಮೊನ್ನೆ ಹುಟ್ಟಿದ ಬ್ಯಾಂಕ್ ಅನ್ನಿಸುತ್ತದೆ. ಆ ಹೆಸರು ಬಂದದ್ದು 2014ರಲ್ಲಿ. ಆದರೆ ಅದರ ಸಿಐಎನ್‌ನಲ್ಲಿ ಇರುವುದು 1943. ಅದು ಕೊಲ್ಹಾಪುರದಲ್ಲಿ ರತ್ನಾಕರ್ ಬ್ಯಾಂಕ್ ಎಂಬ ಹೆಸರಿನಲ್ಲಿ ಶುರುವಾದ ಬ್ಯಾಂಕ್, ನೋಂದಾಯಿತ ಕಚೇರಿ ಇವತ್ತಿಗೂ ಕೊಲ್ಹಾಪುರದ ಶಾಹುಪುರಿಯಲ್ಲೇ ಇದೆ. ಕಂಪೆನಿ ಹೆಸರು ಮಾತ್ರ ಬದಲಿಸಿದರೆ ನೋಂದಣಿ ಇಸವಿ ಬದಲಾಗುವುದಿಲ್ಲ. ಹಾಗಾಗಿ ಈ ಬ್ಯಾಂಕ್ ತನ್ನನ್ನು 1943ರ ಬ್ಯಾಂಕ್ ಎಂದರೆ ದಾಖಲೆ ನೇರವಾಗಿ ಹೌದು ಅನ್ನುತ್ತದೆ.

ಹೆಸರು ಹಳತು, ಕಂಪೆನಿ ಹೊಸತು

ಎರಡನೆಯದ್ದು ಇದರ ಉಲ್ಟಾ, ಅದು ಕಾಗಲದಲ್ಲಿ ಕಾರ್ಖಾನೆ ಇರುವ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್‌ನದ್ದು. ಇದರ ದಾಖಲೆಯಲ್ಲಿ 2009 ಅಂತ ಇದೆ. ಆದರೆ ನಮ್ಮ ತೋಟಗಳಲ್ಲಿ ಅದಕ್ಕಿಂತ ಎಷ್ಟೋ ಹಿಂದಿನಿಂದ ಈ ಹೆಸರಿನ ಡೀಸೆಲ್ ಎಂಜಿನ್ ಓಡಿವೆ. 2009ರಲ್ಲಿ ಹುಟ್ಟಿದ ಕಂಪೆನಿಯ ಎಂಜಿನ್ 1980ರಲ್ಲಿ ನೀರು ಎತ್ತಿದ್ದು ಹೇಗೆ?

ಉತ್ತರ ಇರುವುದು ಕಂಪೆನಿ ವಿಭಜನೆಯಲ್ಲಿ. ಎಂಜಿನ್ ವ್ಯವಹಾರ ಪುಣೆಯ ಖಡ್ಕಿಯಲ್ಲಿ 1946ರಲ್ಲಿ ಶುರುವಾದದ್ದು. 2009ರಲ್ಲಿ ಕಿರ್ಲೋಸ್ಕರ್ ಎಂಜಿನ್ಸ್ ಇಂಡಿಯಾ ಎಂಬ ಹೊಸ ಕಂಪೆನಿ ನೋಂದಣಿ ಆಯಿತು. 2010ರಲ್ಲಿ ಹಳೆ ಕಂಪೆನಿಯ ಎಂಜಿನ್ ವ್ಯವಹಾರವನ್ನು ಅದಕ್ಕೆ ವರ್ಗಾಯಿಸಿದರು. ಆಮೇಲೆ ಹೆಸರುಗಳೂ ಅದಲುಬದಲಾದವು. ಹೊಸ ಕಂಪೆನಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಎಂಬ ಹೆಸರು ಪಡೆಯಿತು, ಹಳೆಯದು ಕಿರ್ಲೋಸ್ಕರ್ ಇಂಡಸ್ಟ್ರೀಸ್ ಆಯಿತು. ಕಾರ್ಖಾನೆ, ಎಂಜಿನ್, ಕೆಲಸಗಾರರು, ಡೀಲರ್‌ಗಳು ಎಲ್ಲ ಮುಂದುವರಿದರು. ಕಾಗದದಲ್ಲಿ ಮಾತ್ರ ಮಾಲೀಕ ಸಂಸ್ಥೆ ಹೊಸತು. ನ್ಯೂಮ್ಯಾಟಿಕ್‌ನದ್ದೂ ಹೀಗೆಯೇ. ನೋಂದಣಿ ಇಸವಿ 1974, ಆದರೆ ಕಂಪೆನಿ ತನ್ನ ಆರಂಭ 1958 ಎಂದು ಹೇಳುತ್ತದೆ.

ಈಗ ಜಾಹೀರಾತಿನ ಮಾತನ್ನು ತೂಗಿ ನೋಡಿ. ‘ಎಂಜಿನ್ ತಯಾರಿಕೆಯಲ್ಲಿ 1946ರಿಂದ’ ಅಂದರೆ ವ್ಯಾಪಾರದ ಕೊಂಡಿ ತೋರಿಸಬಹುದು. ‘ಈ ಕಂಪೆನಿ 1946ರಲ್ಲಿ ನೋಂದಣಿಯಾಯಿತು’ ಅಂದರೆ ದಾಖಲೆ ಇಲ್ಲ ಅನ್ನುತ್ತದೆ. ‘1888ರ ಕಿರ್ಲೋಸ್ಕರ್ ಸಮೂಹದ ಭಾಗ’ ಅಂದರೆ ಅದು ಮನೆತನದ ಮಾತು. ‘ನಾವು 1888ರಲ್ಲಿ ಸ್ಥಾಪನೆಯಾದೆವು’ ಅಂದರೆ ಅಲ್ಲಿ ಜಗಳ ಶುರುವಾಗುತ್ತದೆ. ಇಸವಿ ಒಂದೇ ಇರಬಹುದು, ಪಕ್ಕದಲ್ಲಿ ಇರುವ ಪದ ಏನು ಎನ್ನುವುದರ ಮೇಲೆ ಅದು ಸತ್ಯವೋ ಅರ್ಧಸತ್ಯವೋ ಎಂದು ತೀರ್ಮಾನವಾಗುತ್ತದೆ.

ಹೆಸರಿನ ಹಕ್ಕಂತೂ ಇನ್ನೊಂದು ಕಡೆ. ‘ಕಿರ್ಲೋಸ್ಕರ್’ ಎಂಬ ಟ್ರೇಡ್‌ಮಾರ್ಕ್ ಇರುವುದು ಕಿರ್ಲೋಸ್ಕರ್ ಪ್ರೊಪ್ರೈಟರಿ ಲಿಮಿಟೆಡ್ ಎಂಬ ಬೇರೆಯೇ ಕಂಪೆನಿಯ ಹತ್ತಿರ. ಅಲ್ಲಿಂದ ಅನುಮತಿ ಪಡೆದು ಹೆಸರು ಹಾಕಿಕೊಂಡರೆ ಹೆಸರು ಬರುತ್ತದೆ, ವಯಸ್ಸು ಬರುವುದಿಲ್ಲ.

ನಮ್ಮ ಕರಾವಳಿಯ ಒಂದು 1906

ಇದನ್ನು ನಮ್ಮವರಿಗೆ ಹತ್ತಿರದ ಉದಾಹರಣೆಯಲ್ಲಿ ನೋಡುವಾ. ಉಡುಪಿಯಲ್ಲಿ 1906ರ ಮಾರ್ಚ್ 12ರಂದು ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಬ್ಯಾಂಕಿನ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್. ಮುಂದೆ ಅದೇ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1980ರಲ್ಲಿ ರಾಷ್ಟ್ರೀಕರಣ ಆಯಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು.

ಅದೇ ಬೀದಿಯಲ್ಲಿ ಅದೇ ಶಾಖೆ, ಅದೇ ಲಾಕರ್, ಅದೇ ಗ್ರಾಹಕರು. ಬೋರ್ಡಿನಲ್ಲಿ ಈಗ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾ ಎಂದಿದೆ, ಅದು ತನ್ನ ಆರಂಭ 1919 ಎಂದು ಹೇಳಿಕೊಳ್ಳುತ್ತದೆ. ಹಳೆಯದಾದ 1906ನ್ನು ತನ್ನದೆಂದು ಹಾಕಿಕೊಂಡಿಲ್ಲ. ಕೊಂಡುಕೊಂಡದ್ದರ ಅಥವಾ ಸೇರಿಸಿಕೊಂಡದ್ದರ ವಯಸ್ಸನ್ನು ಸೇರಿಸಿಕೊಂಡವರು ತಮ್ಮ ವಯಸ್ಸು ಎಂದು ಹೇಳುವಂತಿಲ್ಲ ಎಂಬ ಸಾಮಾನ್ಯ ಲೆಕ್ಕ ಇದು. ಬೋರ್ಡಿನಿಂದ 1906 ಹೋದ ಕಾರಣ ನಮ್ಮ ಮಕ್ಕಳಿಗೆ ಹಾಜಿ ಅಬ್ದುಲ್ಲಾ ಸಾಹೇಬರ ಹೆಸರೂ ಮರೆತು ಹೋಗಬಾರದು ಎನ್ನುವುದು ಮಾತ್ರ ನನ್ನ ಆಸೆ.

ಸಣ್ಣ ಅಂಗಡಿಗೆ ಸಿಐಎನ್ ಇಲ್ಲ, ಆಗ?

ನಮ್ಮಲ್ಲಿ ಹೆಚ್ಚಿನವು ಒಬ್ಬರ ಹೆಸರಿನ ಅಂಗಡಿ ಅಥವಾ ಪಾಲುದಾರಿಕೆ. ಅಲ್ಲಿ ಕಂಪೆನಿ ದಾಖಲೆ ಕೆಲಸ ಮಾಡುವುದಿಲ್ಲ. ಹೆಚ್ಚಿನವರು ಮೊದಲು ನೋಡುವುದು ಜಿಎಸ್‌ಟಿ. ಅದು ಒಳ್ಳೆಯ ಆರಂಭ, ಆದರೆ ಅದರಷ್ಟು ತಪ್ಪು ತಿಳುವಳಿಕೆ ಕೊಡುವ ದಾಖಲೆಯೂ ಬೇರೆ ಇಲ್ಲ.

ಅಂಗಡಿಯಲ್ಲಿ ತೂಗುಹಾಕಿದ ಅಥವಾ ಬಿಲ್ಲಿನಲ್ಲಿರುವ 15 ಅಂಕೆ-ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು gst.gov.in ತಾಣದ Search Taxpayer ವಿಭಾಗದಲ್ಲಿ ಕೊಟ್ಟರೆ ಲಾಗಿನ್ ಇಲ್ಲದೆಯೇ ವಿವರ ಬರುತ್ತದೆ. ಮೊದಲ ಎರಡು ಅಂಕೆ ರಾಜ್ಯ. ಕಾಗಲದ ಅಂಗಡಿಗೆ 27, ಮಂಗಳೂರಿನದ್ದಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರ್. ಅದರ ನಾಲ್ಕನೇ ಅಕ್ಷರ P ಆದರೆ ಒಬ್ಬ ವ್ಯಕ್ತಿಯದ್ದು, F ಆದರೆ ಪಾಲುದಾರಿಕೆ, C ಆದರೆ ಕಂಪೆನಿ. ಕೆಳಗೆ Effective Date of registration ಅಂತ ಒಂದು ತಾರೀಕು.

ಆ ತಾರೀಕು 01/07/2017 ಆಗಿದ್ದರೆ ಅದು ಅಂಗಡಿ ಹುಟ್ಟಿದ ದಿನ ಅಲ್ಲ, ಜಿಎಸ್‌ಟಿ ಹುಟ್ಟಿದ ದಿನ. ಅದಕ್ಕೂ ಮೊದಲು ವ್ಯಾಟ್‌ನಲ್ಲಿ ಇದ್ದವರೆಲ್ಲ ಆ ದಿನ ಇಲ್ಲಿಗೆ ಬಂದವರು. ಆ ದಿನಾಂಕ ಕಂಡರೆ ಅಂಗಡಿ 2017ಕ್ಕಿಂತ ಹಳತು ಎಂದು ಊಹಿಸಬಹುದು, ಎಷ್ಟು ಹಳತು ಎಂದು ತಿಳಿಯುವುದಿಲ್ಲ. ತಾರೀಕು 2017ರ ನಂತರದ್ದಾದರೂ ಅವಸರ ಬೇಡ. ತಂದೆ ತೀರಿಹೋಗಿ ಅಥವಾ ಬಿಟ್ಟುಕೊಟ್ಟು ಮಗ ಅಂಗಡಿ ವಹಿಸಿಕೊಂಡರೆ ಪ್ಯಾನ್ ಬದಲಾಗುತ್ತದೆ. ಪ್ಯಾನ್ ಬದಲಾದರೆ ಜಿಎಸ್‌ಟಿ ಹೊಸದಾಗಿ ಮಾಡಿಸಲೇಬೇಕು. ನೂರು ವರ್ಷದ ಅಂಗಡಿಯೂ ಆಗ ಆ ದಿನ ಹುಟ್ಟಿದ ಹಾಗೆ ಕಾಣುತ್ತದೆ. ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್‌ಗೆ 2009 ಬಂದದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ತಿನ್ನುವ ಪದಾರ್ಥ ಮಾರುವವರ ಪ್ಯಾಕೆಟ್ ಮೇಲಿನ ಎಫ್‌ಎಸ್‌ಎಸ್‌ಎಐ ಸಂಖ್ಯೆಯಲ್ಲೂ ಇಸವಿ ಇದೆ. 14 ಅಂಕೆಗಳಲ್ಲಿ ನಾಲ್ಕು ಮತ್ತು ಐದನೇ ಅಂಕೆ ಪರವಾನಗಿ ಪಡೆದ ವರ್ಷ. ಆದರೆ ಆ ಪದ್ಧತಿಯೇ ಜಾರಿಗೆ ಬಂದದ್ದು 2011ರಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ಇಸವಿ ಅಲ್ಲಿ ಯಾರಿಗೂ ಸಿಗುವುದಿಲ್ಲ. ಯಾವ ದಾಖಲೆ ನೋಡಿದರೂ ಈ ಪ್ರಶ್ನೆ ಮೊದಲು ಕೇಳಿ: ಈ ದಾಖಲೆ ಕೊಡುವ ಕಾನೂನು ಬಂದದ್ದು ಯಾವಾಗ? ಕಾನೂನಿಗಿಂತ ಹಳೆಯ ಕಾಗದ ಇರಲು ಸಾಧ್ಯವಿಲ್ಲ.

ಕಾಗಲ, ಕೊಲ್ಹಾಪುರದಲ್ಲಿ ಹಳೆ ಅಂಗಡಿಯವರು ತೋರಿಸುವುದು ‘ಗುಮಾಸ್ತಾ’ ಲೈಸೆನ್ಸ್. ಅದು 1948ರ ಬಾಂಬೆ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಕೆಳಗೆ ಬಂದದ್ದು. ‘1930ರ ಗುಮಾಸ್ತಾ ಇದೆ’ ಅಂತ ಯಾರಾದರೂ ಹೇಳಿದರೆ ಕಾಗದ ನೋಡುವ ಮೊದಲೇ ಅನುಮಾನ ಪಡಬಹುದು. 2017ರ ಹೊಸ ಕಾಯ್ದೆಯ ನಂತರ ಕೆಲವೇ ಕೆಲಸಗಾರರು ಇರುವ ಸಣ್ಣ ಅಂಗಡಿಗೆ ಮಹಾರಾಷ್ಟ್ರದಲ್ಲಿ ನೋಂದಣಿ ಬೇಡ, ಮಾಹಿತಿ ಕೊಟ್ಟರೆ ಸಾಕು. ಆದ್ದರಿಂದ ಹೊಸ ನೋಂದಣಿ ಪತ್ರ ಇಲ್ಲದಿರುವುದೂ ತಪ್ಪಲ್ಲ.

ಪಾಲುದಾರಿಕೆ ಸಂಸ್ಥೆ ಆಗಿದ್ದರೆ ಒಂದು ಒಳ್ಳೆಯ ದಾರಿ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಬಳಿ ಇರುವ ರಿಜಿಸ್ಟರನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. 67ನೇ ಸೆಕ್ಷನ್ ಪ್ರಕಾರ ದೃಢೀಕೃತ ನಕಲು ಪಡೆಯಬಹುದು. ಯಾರು ಯಾವಾಗ ಪಾಲುದಾರರಾಗಿ ಸೇರಿದರು, ಯಾವಾಗ ಬಿಟ್ಟರು ಎಂಬುದು ಅಲ್ಲಿ ಸಿಗುತ್ತದೆ. ಅಣ್ಣ ತಮ್ಮ ಪಾಲಾಗಿ ಎರಡು ಅಂಗಡಿ ಆದ ಮೇಲೆ ಇಬ್ಬರೂ ಒಂದೇ ಇಸವಿ ಹಾಕಿಕೊಂಡಿದ್ದರೆ ಕೊಂಡಿ ಯಾರ ಕಡೆ ಉಳಿಯಿತು ಎಂದು ಇದರಿಂದ ತಿಳಿಯಬಹುದು. ಆದರೆ ಪಾಲುದಾರಿಕೆಯ ನೋಂದಣಿ ಕಡ್ಡಾಯ ಅಲ್ಲ. ಅಲ್ಲಿ ಹೆಸರು ಇಲ್ಲದಿದ್ದರೆ ಅಂಗಡಿಯೇ ಇರಲಿಲ್ಲ ಎನ್ನುವಂತಿಲ್ಲ.

ಇನ್ನೊಂದು ಟ್ರೇಡ್‌ಮಾರ್ಕ್ ದಾಖಲೆ. ಅರ್ಜಿಯಲ್ಲಿ ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೇವೆ ಎಂದು ಬರೆಯಬೇಕು, ಅದನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಬೋರ್ಡಿನಲ್ಲಿ 1950, ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ 1998 ಇದ್ದರೆ ಕೇಳಲೇಬೇಕಾದ ಪ್ರಶ್ನೆ ಇದೆ. 2017ರ ನಿಯಮದ ನಂತರ ಹಿಂದಿನ ಬಳಕೆ ಹೇಳುವವರು ಅಫಿಡವಿಟ್ ಜೊತೆಗೆ ಆಧಾರವನ್ನೂ ಕೊಡಬೇಕು. ಆದರೂ ಅದು ಅರ್ಜಿದಾರ ತಾನೇ ಬರೆದುಕೊಟ್ಟ ಇಸವಿ, ಸರಕಾರ ಬಂದು ಎಣಿಸಿ ಕೊಟ್ಟದ್ದಲ್ಲ.

ನನ್ನ ಅಂಗಡಿಯ ಲೆಕ್ಕ

ಊರಿಗೆ ಬಂದು ಉಪ್ಪನ ಟ್ರಂಕ್ ತೆರೆದೆ. ಹೊಸದರಿಂದ ಹಳೆಯದರ ಕಡೆ ಹೋದೆ. ನನ್ನ ಜಿಎಸ್‌ಟಿಯ ತಾರೀಕು 2019, ಉಪ್ಪ ಬಿಟ್ಟುಕೊಟ್ಟ ವರ್ಷ. ಅಂದರೆ ಮೊದಲ ನೋಟಕ್ಕೆ ನಾನು 2019ರ ಅಂಗಡಿಯವ. ಅದರ ಹಿಂದೆ ಉಪ್ಪನ ಹೆಸರಿನ ವ್ಯಾಟ್ ಕಾಗದ, ಅದರ ಹಿಂದೆ 1983ರ ಮಾರಾಟ ತೆರಿಗೆ ನೋಂದಣಿ. ಇನ್ನೂ ಕೆಳಗೆ ಪಂಚಾಯತ್ ಲೈಸೆನ್ಸ್‌ನ ಒಂದು ರಸೀದಿ, 1979ರದ್ದು, ಅಜ್ಜನ ಹೆಸರಿನಲ್ಲಿ. ಅಲ್ಲಿಗೆ ಕಾಗದ ಮುಗಿಯಿತು.

ಇಸವಿ ಸಿಕ್ಕಿದರೆ ಸಾಲದು, ಕೊಂಡಿ ಬೇಕು. 1979ರದ್ದು ಅಜ್ಜನ ಹೆಸರಿನಲ್ಲಿ, 1983ರದ್ದು ಉಪ್ಪನ ಹೆಸರಿನಲ್ಲಿ. ಎರಡೂ ಒಂದೇ ಅಂಗಡಿ ಎಂದು ಹೇಗೆ ಹೇಳುವುದು? ಅದೃಷ್ಟಕ್ಕೆ 1981ರ ಬಾಡಿಗೆ ಕರಾರು ಸಿಕ್ಕಿತು. ಅದೇ ಬಾಗಿಲು ನಂಬರ್, ಕೆಳಗೆ ಅಜ್ಜ ಮತ್ತು ಉಪ್ಪ ಇಬ್ಬರದೂ ಸಹಿ. ಕೊಂಡಿ ಕೂಡಿತು. 1962ಕ್ಕೆ ಮಾತ್ರ ಏನೂ ಇಲ್ಲ, ಉಪ್ಪನ ಮಾತು ಒಂದೇ. ಉಪ್ಪನ ಮಾತಲ್ಲಿ ನನಗೆ ನಂಬಿಕೆ ಇದೆ. ಆದರೆ ಗಿರಾಕಿ ನನ್ನ ಉಪ್ಪನ ಮಗ ಅಲ್ಲವಲ್ಲ.

ಬೋರ್ಡಿನಲ್ಲಿ ‘1979ರಿಂದ’ ಅಂತ ಹಾಕಿಸಿದೆ. ಹದಿನೇಳು ವರ್ಷ ಕಡಿಮೆ ಆಯಿತು. ಫ್ಲೆಕ್ಸ್‌ನವನಿಗೆ ಬೇಸರ ಆಯಿತು, ಅರುವತ್ತು ವರ್ಷ ಅಂದಿದ್ದರೆ ಗೋಲ್ಡನ್ ಅಕ್ಷರದಲ್ಲಿ ಚಂದ ಕಾಣುತ್ತಿತ್ತಂತೆ.

ಇದು ಬರೀ ಮನಸ್ಸಾಕ್ಷಿಯ ವಿಷಯವೂ ಅಲ್ಲ. ಸುಳ್ಳು ಇಸವಿ ಗಿರಾಕಿಯನ್ನು ದಾರಿ ತಪ್ಪಿಸಿದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ದಾರಿತಪ್ಪಿಸುವ ಜಾಹೀರಾತು’ ಎಂಬ ಪ್ರಶ್ನೆಗೆ ಒಳಪಡಬಹುದು. ಅದರ 21ನೇ ಸೆಕ್ಷನ್‌ನಲ್ಲಿ ಕೇಂದ್ರ ಪ್ರಾಧಿಕಾರ ಜಾಹೀರಾತು ನಿಲ್ಲಿಸಲು ಹೇಳಬಹುದು, ತಯಾರಕರಿಗೂ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಗ್ರಾಹಕರು 1915 ಸಹಾಯವಾಣಿಗೆ ದೂರು ಕೊಡಬಹುದು. ದೂರು ಕೊಡುವ ಮೊದಲು ಅಂಗಡಿಯವರನ್ನೇ ಒಮ್ಮೆ ಕೇಳಿ: “ಈ ವರ್ಷದ ಕಾಗದ ಏನಾದ್ರೂ ಉಂಟಾ?” ನಿಜ ಇದ್ದವರು ಖುಷಿಯಿಂದ ಗೋಡೆಯ ಫ್ರೇಮ್ ಇಳಿಸಿ ತೋರಿಸುತ್ತಾರೆ.

ಕೊನೆಗೆ ಒಂದು ಎಚ್ಚರಿಕೆ. ಇಸವಿ ನಿಜ ಎಂದು ಗೊತ್ತಾದರೆ ಅಂಗಡಿಯ ವಯಸ್ಸು ಗೊತ್ತಾಯಿತು ಅಷ್ಟೆ, ಅದು ಗಟ್ಟಿ ಎಂದು ಗೊತ್ತಾಗಲಿಲ್ಲ. ಬೆಂಗಳೂರಿನ ಐಎಂಎ 2006ರಿಂದ ಇತ್ತು. ಅಷ್ಟು ವರ್ಷದಿಂದ ಇದೆಯಲ್ಲ ಎಂದು ನಂಬಿ ಹಣ ಇಟ್ಟ ನಮ್ಮವರೆಷ್ಟೋ ಮಂದಿ 2019ರ ಜೂನ್‌ನಲ್ಲಿ ಅದರ ಬಾಗಿಲ ಮುಂದೆ ನಿಂತಿದ್ದರು. ಪಂಪು ಕೊಳ್ಳುವಾಗ ಇಸವಿ ನೋಡಿ ತಪ್ಪಿದರೆ ಒಂದು ಪಂಪು ಹೋಗುತ್ತದೆ. ಹಣ ಇಡುವಾಗ ಇಸವಿ ಮಾತ್ರ ನೋಡಿದರೆ ಮಗಳ ಮದುವೆಯ ದುಡ್ಡೇ ಹೋಗುತ್ತದೆ. ಅಲ್ಲಿ ಕೇಳಬೇಕಾದ ಕಾಗದ ಬೇರೆ: ಜನರಿಂದ ಠೇವಣಿ ತೆಗೆದುಕೊಳ್ಳಲು ಇವರಿಗೆ ಅನುಮತಿ ಕೊಟ್ಟವರು ಯಾರು? ಅದಕ್ಕೆ ಉತ್ತರ ಇಲ್ಲದವರ ಬೋರ್ಡಿನಲ್ಲಿ 1888 ಇದ್ದರೂ ಅಷ್ಟೇ, 2024 ಇದ್ದರೂ ಅಷ್ಟೇ.